ಹಣ ಕೊಟ್ಟಾಯ್ತು, ಲೆಕ್ಕ ಚುಕ್ತಾ ಆಯ್ತಾ?

[ಪರದೆ ಮೇಲೆ: ಕಲಬುರಗಿಯ ನೆಹರು ಗಂಜ್, ಅಂಗಡಿಯ ಗಲ್ಲಾ, ತೆರೆದ ಖಾತೆ ಪುಸ್ತಕ]

ನಮಸ್ಕಾರ್ರೀ. ನಾನು ಗಂಜ್‌ನಲ್ಲಿ ಎರಡು ಮೂರು ಅಂಗಡಿಗಳ ಲೆಕ್ಕ ಬರೆಯುವವನು. ಇವತ್ತು ಒಂದೇ ಒಂದು ರಸೀದಿಯ ಕಥೆ ಹೇಳ್ತೀನಿ.

ಜೇವರ್ಗಿ ಕಡೆಯ ಒಬ್ಬ ರೈತರು. ಮುಂಗಾರಿನಲ್ಲಿ ಬೀಜ, ಗೊಬ್ಬರ, ಎಣ್ಣೆ ಎಲ್ಲಾ ಒಂದೇ ಅಂಗಡಿಯಲ್ಲಿ ಉದ್ರಿ ತಂದರು. ಜೂನ್‌ನಲ್ಲಿ 18,400 ರೂಪಾಯಿ, ಜುಲೈನಲ್ಲಿ 9,650, ಸೆಪ್ಟೆಂಬರ್‌ನಲ್ಲಿ 14,200. ಒಟ್ಟು 42,250. ಅದರ ಮೇಲೆ ಬಡ್ಡಿ 1,750. ಅಲ್ಲಿಗೆ 44,000 ಆಯ್ತು.

ಜನವರಿಯಲ್ಲಿ ತೊಗರಿ ಮಾರಿ ಬಂದರು. ಫೋನಿನಿಂದ 30,000 ಹಾಕಿದರು, ಕೈಯಲ್ಲಿ 12,000 ಕೊಟ್ಟರು.

"ಸಾವ್ಕಾರ್ರೇ, ಇನ್ನೆರಡು ಸಾವಿರ ಬಿಡ್ರೀ."

"ಆಯ್ತು ಬಿಡ್ರೀ ಕಾಕಾ, ಮುಗೀತು."

ಒಂದು ರಸೀದಿ ಹರಿದು ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: "42,000 ರೂಪಾಯಿ ಬಂದಿದೆ."

ಮುಂದಿನ ಜೂನ್‌ನಲ್ಲಿ ಕಾಕಾ ಬೀಜಕ್ಕೆ ಹೋದರು. ಗಲ್ಲಾದಲ್ಲಿ ಸಾವ್ಕಾರರ ಮಗ ಕೂತಿದ್ದ. ಕಂಪ್ಯೂಟರ್ ನೋಡಿ, "ಹಳೇ ಬಾಕಿ ಎರಡು ಸಾವಿರ ಐತಲ್ರೀ ಕಾಕಾ" ಅಂದ.

ಹುಡುಗ ಸುಳ್ಳು ಹೇಳಲಿಲ್ಲ. ಖಾತೆಯಲ್ಲಿ 44,000 ಬರಬೇಕಿತ್ತು, 42,000 ಜಮಾ ಆಗಿತ್ತು. ಬಿಟ್ಟ ಎರಡು ಸಾವಿರ ಇದ್ದದ್ದು ಸಾವ್ಕಾರರ ಬಾಯಲ್ಲಿ ಮಾತ್ರ.

[ಪರದೆ ಮೇಲೆ: ಎರಡು ರಸೀದಿ ಅಕ್ಕಪಕ್ಕ]

ಇಲ್ಲೇ ವ್ಯತ್ಯಾಸ ಇರೋದು ನೋಡಿ. "ಇಷ್ಟು ಹಣ ಬಂತು" ಅನ್ನೋದು ಒಂದು ಮಾತು. "ಇನ್ನು ಏನೂ ಬರಬೇಕಾಗಿಲ್ಲ" ಅನ್ನೋದು ಬೇರೆ ಮಾತು. ಮೊದಲನೆಯದು ಬರೆದರೆ ಎರಡನೆಯದು ತಾನಾಗಿ ಬರೋದಿಲ್ಲ. ಫೋನಿನ ಸ್ಕ್ರೀನ್‌ಶಾಟ್ ಕೂಡ ಅಷ್ಟೇ, ಹಣ ಹೋಯ್ತು ಅಂತ ತೋರಿಸುತ್ತೆ, ಯಾವ ಬಿಲ್ಲಿಗೆ ಹೋಯ್ತು ಅಂತ ತೋರಿಸೋದಿಲ್ಲ.

ಕಡಿಮೆ ತಗೊಂಡು ಉಳಿದದ್ದನ್ನು ಬಿಡೋದಕ್ಕೆ ನಮ್ಮ ಕರಾರು ಕಾಯ್ದೆಯ 63ನೇ ಕಲಮಿನಲ್ಲಿ ಅವಕಾಶ ಇದೆ. ಆದರೆ ಬಿಟ್ಟದ್ದು ನಿಜ ಅಂತ ತೋರಿಸೋಕೆ ಬರಹ ಬೇಕಲ್ವಾ? ಹಾಗಾದರೆ ಆ ದಿನ ಏನು ಬರೀಬೇಕಿತ್ತು? ನಾನಾಗಿದ್ದರೆ ಹೀಗೆ ಬರೀತಿದ್ದೆ:

[ಪರದೆ ಮೇಲೆ, ನಿಧಾನವಾಗಿ ಓದಿ]

"ಜೂನ್, ಜುಲೈ, ಸೆಪ್ಟೆಂಬರ್ ತಿಂಗಳ ಮೂರು ಬಿಲ್ಲುಗಳ ಅಸಲು 42,250, ಬಡ್ಡಿ 1,750, ಒಟ್ಟು 44,000 ರೂಪಾಯಿ. ಇದರಲ್ಲಿ ಯುಪಿಐ ಮೂಲಕ 30,000, ನಗದು 12,000 ಬಂದಿದೆ. ಉಳಿದ 2,000 ರೂಪಾಯಿಯನ್ನು ನಾವೇ ಬಿಟ್ಟಿದ್ದೇವೆ. ಈ ದಿನದವರೆಗಿನ ಈ ಖಾತೆ ಪೂರ್ತಿ ಚುಕ್ತಾ ಆಗಿದೆ. ಬಾಕಿ ಏನೂ ಇಲ್ಲ."

ಬಿಲ್ ನಂಬರ್, ಯುಪಿಐ ವ್ಯವಹಾರದ ನಂಬರ್, ತಾರೀಖು, ಅಂಗಡಿ ಶಿಕ್ಕಾ, ಸಹಿ. "ಈ ದಿನದವರೆಗಿನ" ಅನ್ನೋ ಮಾತು ಅಂಗಡಿಯವರಿಗೂ ಒಳ್ಳೇದು. ನಾಳೆ ತರುವ ಉದ್ರಿ ಇದರೊಳಗೆ ಬರೋದಿಲ್ಲ. ತಮ್ಮನ ಹೆಸರಲ್ಲಿ ಬೇರೆ ಖಾತೆ ಇದ್ದರೆ ಅದೂ ಬರೋದಿಲ್ಲ.

ಹಣ ಚೆಕ್‌ನಲ್ಲಿ ಬಂದರೆ ಅವಸರ ಬೇಡ. ಚೆಕ್ ಪಾಸಾಗಿ ಖಾತೆಗೆ ಹಣ ಬಿದ್ದ ಮೇಲೆ ಚುಕ್ತಾ ಅಂತ ಬರೀರಿ. ಅಲ್ಲಿಯವರೆಗೆ "ಚೆಕ್ ಬಂದಿದೆ" ಅಂದರೆ ಸಾಕು.

[ಪರದೆ ಮೇಲೆ: ರೆವಿನ್ಯೂ ಸ್ಟಾಂಪ್]

ಮೊತ್ತ 5,000 ದಾಟಿದರೆ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ಸಹಿ ಅರ್ಧ ಸ್ಟಾಂಪ್ ಮೇಲೆ, ಅರ್ಧ ಕಾಗದದ ಮೇಲೆ ಬೀಳಲಿ. ಸ್ಟಾಂಪ್ ಪಕ್ಕದಲ್ಲಿ ಸಹಿ ಮಾಡಿ ಸುಮ್ನೆ ಬಿಡ್ತಾರೆ, ಹಾಗೆ ಮಾಡಿದರೆ ಸ್ಟಾಂಪ್ ರದ್ದಾದ ಹಾಗೆ ಆಗೋದಿಲ್ಲ.

ಇನ್ನೊಂದು ವಿಷಯವನ್ನು ಜನ ಮರೀತಾರೆ. ಉದ್ರಿ ಕೊಡುವಾಗ ಭದ್ರತೆಗೆ ಅಂತ ಖಾಲಿ ಚೆಕ್ಕೋ ಪ್ರಾಮಿಸರಿ ನೋಟೋ ಇಸ್ಕೊಂಡಿದ್ದರೆ, ಅದನ್ನು ವಾಪಸ್ ತಗೊಳ್ಳದೆ ಅಂಗಡಿ ಮೆಟ್ಟಿಲು ಇಳಿಯಬೇಡಿ. "ಇಂಥ ನಂಬರಿನ ಚೆಕ್ ವಾಪಸ್ ಕೊಟ್ಟಿದ್ದೇವೆ" ಅಂತ ಅದೇ ರಸೀದಿಯಲ್ಲಿ ಒಂದು ಸಾಲು ಬರೆಸಿ.

ಈಗ ಅಂಗಡಿಯವರ ಕಡೆ ಬರೋಣ. ರಸೀದಿ ಕೊಟ್ಟ ದಿನವೇ ಖಾತೆಯಲ್ಲೂ 2,000ವನ್ನು ರಿಯಾಯಿತಿ ಅಂತ ಗಿರಾಕಿಯ ಲೆಕ್ಕಕ್ಕೆ ಜಮಾ ಮಾಡಿ, ಬಾಕಿ ಸೊನ್ನೆ ಆಯ್ತಾ ನೋಡಿ, ಕೆಳಗೆ ಎರಡು ಗೆರೆ ಎಳೀರಿ. ರಸೀದಿ ಪುಸ್ತಕದ ಕಾರ್ಬನ್ ಪ್ರತಿ ನಿಮ್ಮ ಹತ್ತಿರ ಇರಲಿ. ಕಾಕಾನ ವಿಷಯದಲ್ಲಿ ಈ ಜಮಾ ಒಂದು ಬಿಟ್ಟುಹೋಗಿದ್ದಕ್ಕೇ ಮಗನ ಕಂಪ್ಯೂಟರ್‌ನಲ್ಲಿ ಬಾಕಿ ಉಳಿದಿತ್ತು.

[ಪರದೆ ಮೇಲೆ: ಮತ್ತೆ ಗಲ್ಲಾ]

ಕೊನೆಗೆ ಏನಾಯ್ತು? ಸಾವ್ಕಾರರು ಊಟ ಮುಗಿಸಿ ಬಂದರು. ಅವರಿಗೆ ನೆನಪಿತ್ತು, ಅದು ಕಾಕಾನ ಪುಣ್ಯ. ಹಳೇ ತಾರೀಖು ಹಾಕಿ ಹೊಸ ರಸೀದಿ ಕೊಡಲೇನು ಅಂತ ನನ್ನ ಕೇಳಿದರು. ಬೇಡ ಅಂದೆ. ಜನವರಿಯ ರಸೀದಿ ನಂಬರ್ ಹಾಕಿ, "ಆ ದಿನ 2,000 ಬಿಟ್ಟಿದ್ದೆವು, ಖಾತೆಯಲ್ಲಿ ಬರೆಯುವುದು ಉಳಿದಿತ್ತು, ಈಗ ಬರೆದಿದ್ದೇವೆ, ಬಾಕಿ ಸೊನ್ನೆ" ಅಂತ ಜೂನ್ ತಾರೀಖಿನಲ್ಲೇ ಚೀಟಿ ಬರೆಸಿದೆ. ಖಾತೆಯ ಪ್ರಿಂಟ್ ತೆಗೆದು ಅದಕ್ಕೂ ಶಿಕ್ಕಾ ಹಾಕಿಸಿದೆ. ಕಾಕಾ ಎರಡನ್ನೂ ಮಡಚಿ ಪಾಸ್‌ಬುಕ್ ಒಳಗೆ ಇಟ್ಟುಕೊಂಡು, ಬೀಜದ ಚೀಲ ತಗೊಂಡು ಹೋದರು. ಈ ಸಲವೂ ಉದ್ರೀನೇ.