ಕಳಿಸಿದ ರೆಸ್ಯೂಮೆಯಲ್ಲಿ ಇಸವಿ ತಪ್ಪಿದ್ದರೆ

ನಮಸ್ಕಾರ. ಶಿರಸಿಯಲ್ಲಿ ಮೂರು ದಿನದಿಂದ ಬಿಡದೇ ಮಳೆ, ಹಿಂದೆ ಹಂಚಿನ ಮೇಲಿನ ಸದ್ದು ಕೇಳಿದರೆ ಸ್ವಲ್ಪ ಸಹಿಸಿಕೊಳ್ಳಿ. ಕೆಲಸಕ್ಕೆ ಬಂದ ಅರ್ಜಿಗಳನ್ನು ನೋಡಿ ಆರಿಸುವುದು ನನ್ನ ಕೆಲಸ. ಹಾಗಾಗಿ ಹೋದ ವಾರ ಪಕ್ಕದ ಮನೆ ಹುಡುಗಿ ಗಾಬರಿಯಾಗಿ ಬಂದಳು.

ಕಾರವಾರದ ಒಂದು ಆಫೀಸಿನಲ್ಲಿ ಅಕೌಂಟೆಂಟ್ ಕೆಲಸ ಖಾಲಿ ಇತ್ತು. ರಾತ್ರಿ ಹನ್ನೊಂದಕ್ಕೆ ರೆಸ್ಯೂಮೆ ಮೇಲ್ ಮಾಡಿದ್ದಾಳೆ. ಬೆಳಿಗ್ಗೆ ಚಾ ಕುಡಿಯುತ್ತಾ ತೆಗೆದು ನೋಡಿದರೆ ಇಸವಿ ತಪ್ಪು. ಇಲ್ಲಿನ ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಅವಳು ಲೆಕ್ಕ ಬರೆದದ್ದು 2021ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ. ರೆಸ್ಯೂಮೆಯಲ್ಲಿ 2024ರ ಮಾರ್ಚ್ ಅಂತ ಬಿದ್ದಿದೆ.

"ಅಕ್ಕಾ, ಒಂದೇ ಅಂಕಿ ಅಲ್ವಾ, ಯಾರು ನೋಡ್ತಾರೆ?" ಅಂದಳು.

ಒಂದೇ ಅಂಕಿ ಹೌದು. ಆದರೆ ಲೆಕ್ಕ ಹಾಕಿ ನೋಡಿ. ನಿಜವಾದ ಅನುಭವ ಒಂದು ವರ್ಷ ಹತ್ತು ತಿಂಗಳು. ಕಾಗದದ ಮೇಲಿರುವುದು ಎರಡು ವರ್ಷ ಹತ್ತು ತಿಂಗಳು. ಜಾಹೀರಾತಿನಲ್ಲಿ ಕೇಳಿದ್ದು ಕನಿಷ್ಠ ಎರಡು ವರ್ಷ.

ಕಾಗುಣಿತ ತಪ್ಪಿದ್ದರೆ, ಎಲ್ಲೋ ಒಂದು ಸ್ಪೇಸ್ ಜಾಸ್ತಿ ಆಗಿದ್ದರೆ ನಾನು ಸುಮ್ನಿರು ಅನ್ನುತ್ತಿದ್ದೆ, ಅದಕ್ಕಾಗಿ ಇನ್ನೊಂದು ಮೇಲ್ ಕಳಿಸಿದರೆ ಅವರು ಗಮನಿಸದ ತಪ್ಪನ್ನು ನಾವೇ ತೋರಿಸಿಕೊಟ್ಟ ಹಾಗೆ. ಫೋನ್ ನಂಬರ್ ತಪ್ಪಿದ್ದರೆ ತಕ್ಷಣ ತಿದ್ದಬೇಕು, ಇಲ್ಲದಿದ್ದರೆ ಕರೆಯೇ ಬರುವುದಿಲ್ಲ. ಆದರೆ ನಮಗೆ ಲಾಭವಾಗುವ ತಪ್ಪು ಇದೆಯಲ್ಲ, ಅದು ಬೇರೆಯೇ. ಅದು ಕೈತಪ್ಪಿ ಆದದ್ದು ಅಂತ ನಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಕೆಲಸ ಸಿಕ್ಕ ಮೇಲೆ ಹಳೆ ಆಫೀಸಿನ ರಿಲೀವಿಂಗ್ ಲೆಟರ್ ಕೇಳುತ್ತಾರೆ, ಪಿಎಫ್ ಇದ್ದರೆ ಅದರ ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಆಗ ಸಿಕ್ಕಿಬಿದ್ದರೆ ಟೈಪಿಂಗ್ ತಪ್ಪು ಅಂದರೂ ನಂಬುವುದು ಕಷ್ಟ. ನಾವಾಗಿಯೇ ಮೊದಲು ಹೇಳಿದರೆ ಮಾತ್ರ ಅದು ಟೈಪಿಂಗ್ ತಪ್ಪಾಗಿ ಉಳಿಯುತ್ತದೆ.

ಕಳಿಸಿದ ಮೇಲ್ ವಾಪಸ್ ತೆಗೆಯಲು ಆಗಲ್ವಾ ಅಂತ ಕೇಳಿದಳು. ಜಿಮೇಲ್‌ನಲ್ಲಿ ಹೆಚ್ಚೆಂದರೆ 30 ಸೆಕೆಂಡ್, ಅದೂ ಮೊದಲೇ ಸೆಟ್ಟಿಂಗ್ ಮಾಡಿಟ್ಟಿದ್ದರೆ.

ಸರಿ, ಮೊದಲು ಫೈಲ್ ತಿದ್ದಿದೆವು. ಇಸವಿ ತಿದ್ದಿದರೆ ಸಾಲದು, ಮೇಲೆ ಪರಿಚಯದ ಸಾಲಿನಲ್ಲಿ "ಸುಮಾರು ಮೂರು ವರ್ಷದ ಅನುಭವ" ಅಂತಲೂ ಇತ್ತು, ಆ ತಪ್ಪು ಇಸವಿಯಿಂದಲೇ ಲೆಕ್ಕ ಹಾಕಿ ಬರೆದದ್ದು. ಅದನ್ನೂ ಸರಿ ಮಾಡಿದೆವು. ಇದೇ ಸಮಯ ಅಂತ ಇನ್ನೆರಡು ಹೊಸ ಕೌಶಲ ಸೇರಿಸಲು ಹೊರಟಳು, ಬೇಡ ಅಂದೆ. ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ನೋಡುವವರಿಗೆ ನಾವು ಹೇಳಿದ ಬದಲಾವಣೆ ಮಾತ್ರ ಕಾಣಬೇಕು. ಪಿಡಿಎಫ್ ಮಾಡಿ, ಫೈಲ್ ಹೆಸರಿನ ಕೊನೆಗೆ `Corrected` ಸೇರಿಸಿದೆವು.

ಆಮೇಲೆ ಹೊಸ ಮೇಲ್ ಅಲ್ಲ, ರಾತ್ರಿ ಕಳಿಸಿದ ಮೇಲ್‌ಗೇ ರಿಪ್ಲೈ. ಬೇರೆ ಮೇಲ್ ಹೋದರೆ ಎರಡು ಅರ್ಜಿ ಆಗಿಬಿಡಬಹುದು, ಯಾವುದು ಸರಿ ಅಂತ ಹುಡುಕುವ ಪುರುಸೊತ್ತು ಆ ಕಡೆಯವರಿಗೆ ಇರುವುದಿಲ್ಲ. ಅವಳು ಮೊದಲು ಬರೆದದ್ದು ಅರ್ಧ ಪುಟ: ಮಳೆಗೆ ಕರೆಂಟ್ ಹೋಗಿತ್ತು, ಮೊಬೈಲಿನಲ್ಲೇ ಟೈಪ್ ಮಾಡಿದೆ, ದಯವಿಟ್ಟು ಕ್ಷಮಿಸಿ ಅಂತ ಮೂರು ಸಲ. ಎಲ್ಲ ನಿಜವೇ, ಆದರೆ ಓದುವವರಿಗೆ ಅದು ಬೇಕಿಲ್ಲ. ಕೊನೆಗೆ ಹೋದದ್ದು ಇಷ್ಟು:

"ನಿನ್ನೆ ಕಳಿಸಿದ ನನ್ನ ರೆಸ್ಯೂಮೆಯಲ್ಲಿ ಹಿಂದಿನ ಕೆಲಸ ಬಿಟ್ಟ ದಿನಾಂಕ ಮಾರ್ಚ್ 2024 ಎಂದು ತಪ್ಪಾಗಿದೆ. ಸರಿಯಾದದ್ದು ಮಾರ್ಚ್ 2023. ಹಾಗಾಗಿ ನನ್ನ ಒಟ್ಟು ಅನುಭವ ಒಂದು ವರ್ಷ ಹತ್ತು ತಿಂಗಳು. ತಿದ್ದಿದ ಪ್ರತಿ ಲಗತ್ತಿಸಿದ್ದೇನೆ, ದಯವಿಟ್ಟು ಇದನ್ನೇ ಪರಿಗಣಿಸಿ. ತಪ್ಪಿಗೆ ಕ್ಷಮೆಯಿರಲಿ."

ಒಟ್ಟು ಅನುಭವದ ಸಾಲು ಬರೆಯುವಾಗ ಅವಳ ಕೈ ನಿಂತಿತು. ಎರಡು ತಿಂಗಳು ಕಡಿಮೆ ಬಿತ್ತು ಅಂತ ನಾವೇ ಹೇಳಿದ ಹಾಗಾಯ್ತಲ್ಲ ಅಕ್ಕಾ ಅಂದಳು. ಹೌದು, ಆ ಕಾರಣಕ್ಕೇ ಅರ್ಜಿ ಬಿದ್ದು ಹೋಗಬಹುದು, ಅದನ್ನು ನಾನು ಅವಳಿಗೆ ಮುಚ್ಚಿಡಲಿಲ್ಲ. ಎರಡು ತಿಂಗಳು ಕಡಿಮೆ ಇದ್ದರೂ ಕರೆಯುವವರು ಇದ್ದಾರೆ, ನಾನೂ ಕರೆದಿದ್ದೇನೆ. ಒಂದು ವರ್ಷ ಜಾಸ್ತಿ ತೋರಿಸಿದವರನ್ನು ಮಾತ್ರ ನಾನು ಕರೆಯುವುದಿಲ್ಲ.

ಮಧ್ಯಾಹ್ನ "ನೋಡಿದ್ದೇವೆ, ಧನ್ಯವಾದ" ಅಂತ ಉತ್ತರ ಬಂತು, ಮೊನ್ನೆ ಸಂದರ್ಶನಕ್ಕೂ ಕರೆದರು. ಸೋಮವಾರ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋಗುತ್ತಾಳೆ. ತಿದ್ದಿದ ರೆಸ್ಯೂಮೆಯ ಎರಡು ಪ್ರಿಂಟ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೋ ಅಂದಿದ್ದೇನೆ. ಮೇಲ್ ನೋಡಿದವರು ಒಬ್ಬರು, ಪ್ರಶ್ನೆ ಕೇಳುವವರು ಇನ್ನೊಬ್ಬರು ಆಗಿರಬಹುದು, ಅವರ ಮೇಜಿನ ಮೇಲೆ ರಾತ್ರಿ ಹನ್ನೊಂದರ ಪ್ರತಿಯೇ ಇರಬಹುದು.