ಕಾಲು ತೆಗೆಯಿರಿ, ಗೇರ್ ತೆಗೆಯಬೇಡಿ

ಕೇಳುಗರಿಗೆ ನಮಸ್ಕಾರ. ಈಗಿನ ಕಾರುಗಳಲ್ಲಿ ಸ್ಪೀಡೋಮೀಟರ್ ಪಕ್ಕದ ಪುಟ್ಟ ಪರದೆಯ ಮೇಲೆ ಎರಡು ಬಗೆಯ ಮೈಲೇಜ್ ಕಾಣುತ್ತದೆ. ಒಂದು ಸರಾಸರಿ, ಅದು ನಿಧಾನಕ್ಕೆ ಬದಲಾಗುತ್ತದೆ. ಇನ್ನೊಂದು ಆ ಕ್ಷಣದ ಮೈಲೇಜ್. ಅದು ಒಂದು ಕಡೆ ನಿಲ್ಲುವುದೇ ಇಲ್ಲ. 6 ಅನ್ನುತ್ತದೆ, 14 ಅನ್ನುತ್ತದೆ, 22ಕ್ಕೆ ಏರಿ ಮತ್ತೆ 9ಕ್ಕೆ ಬೀಳುತ್ತದೆ. ಬಹಳ ಜನ ಇದರ ಸಹವಾಸವೇ ಬೇಡವೆಂದು ಬಟನ್ ಒತ್ತಿ ಬೇರೇನಾದರೂ ಇಟ್ಟುಕೊಳ್ಳುತ್ತಾರೆ. ಇವತ್ತು ನಾನು ಮಾತಾಡುವುದು ಆ ಕುಣಿಯುವ ಅಂಕಿಯ ಬಗ್ಗೆಯೇ.

ಅದು ಹುಟ್ಟುವುದು ಹೀಗೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬ ಲೆಕ್ಕ ಕಾರಿನ ಕಂಪ್ಯೂಟರ್ ಹತ್ತಿರ ಇರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದೂ ಅದಕ್ಕೆ ಗೊತ್ತು. ಓಡಿದ ದೂರವನ್ನು ಸುಟ್ಟ ಪೆಟ್ರೋಲ್‌ನಿಂದ ಭಾಗಿಸಿ ತೋರಿಸುತ್ತದೆ, ಅಷ್ಟೇ. ಸಿಗ್ನಲ್‌ನಲ್ಲಿ ಎಂಜಿನ್ ಓಡಿಸಿಕೊಂಡು ನಿಂತರೆ ದೂರ ಸೊನ್ನೆ, ಹಾಗಾಗಿ ಮೈಲೇಜೂ ಸೊನ್ನೆ.

ನಾನು ಹೇಳಬೇಕಾದ ಮಾತು ಒಂದೇ. ಮುಂದೆ ನಿಧಾನಿಸಬೇಕು ಎಂದು ಗೊತ್ತಾದ ಕೂಡಲೇ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ, ಗೇರ್ ತೆಗೆಯಬೇಡಿ.

ಇದಕ್ಕೊಂದು ಪ್ರಸಂಗ ಹೇಳುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಪಾಠ ಮಾಡುವವನು ನಾನು. ಒಮ್ಮೆ ಮನೆಯವರ ಜೊತೆ ಬಾಡಿಗೆ ಕಾರಿನಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆ. ಚಾಲಕ ಸಕಲೇಶಪುರದ ಕಡೆಯ ಹುಡುಗ, ಒಳ್ಳೆಯ ಕೈ. ದೋಣಿಗಲ್ ದಾಟಿ ಶಿರಾಡಿ ಘಾಟಿಯ ಇಳಿಜಾರು ಶುರುವಾದದ್ದೇ ತಡ, ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದ. ಮುಂದೆ ಲಾರಿಗಳ ಸಾಲು, ಪಕ್ಕದಲ್ಲಿ ಕಣಿವೆ. ಕಾರು ಬ್ರೇಕನ್ನೊಂದೇ ನಂಬಿಕೊಂಡು ಇಳಿಯುತ್ತಿದೆ.

"ಯಾಕಪ್ಪಾ ನ್ಯೂಟ್ರಲ್?" ಅಂದೆ.

"ಪೆಟ್ರೋಲ್ ಉಳಿಯುತ್ತೆ ಸಾರ್. ನಮ್ಮ ಮಾವ ಅಂಬಾಸಿಡರ್ ಓಡಿಸುವಾಗ ಹೇಳಿಕೊಟ್ಟಿದ್ದು."

"ಕ್ಷಣದ ಮೈಲೇಜ್ ಇರೋ ಪರದೆ ಹಾಕು, ನಾನು ಓದ್ತೀನಿ. ನೀನು ರಸ್ತೆ ನೋಡು" ಅಂದೆ. ವೇಗ 40ರ ಆಸುಪಾಸು. ಪರದೆಯಲ್ಲಿ 55, 57 ಎಂದು ಬರುತ್ತಿತ್ತು. ಅವನಿಗೆ ಖುಷಿಯೋ ಖುಷಿ. "ನೋಡಿ ಸಾರ್, ಐವತ್ತರ ಮೇಲೆ ಕೊಡ್ತಾ ಇದೆ!"

"ಈಗ ಮೂರನೇ ಗೇರಿಗೆ ಹಾಕು. ಆಕ್ಸಿಲರೇಟರ್ ಮುಟ್ಟಬೇಡ."

ಹಾಕಿದ. ಎಂಜಿನ್ ಗುಂಯ್ ಎಂದು ಮೇಲೆದ್ದಿತು, ಕಾರನ್ನು ಯಾರೋ ಹಿಂದಿನಿಂದ ಹಿಡಿದ ಹಾಗಾಯಿತು. ಅಂಕಿ 57ರಿಂದ ಒಂದೇ ಸಲ 99.9ಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಹುಡುಗ ನಂಬಲಿಲ್ಲ. "ಎಂಜಿನ್ ಇಷ್ಟು ಜೋರಾಗಿ ತಿರುಗ್ತಾ ಇದೆ, ಪೆಟ್ರೋಲ್ ಜಾಸ್ತಿ ಕುಡೀಬೇಕಲ್ಲ ಸಾರ್?"

ಇಲ್ಲ, ಒಂದು ಹನಿಯೂ ಕುಡಿಯುವುದಿಲ್ಲ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರಿಹೋಗಬಾರದಲ್ಲ, ಅದಕ್ಕಾಗಿ ಕಂಪ್ಯೂಟರ್ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಅಂಥ ಸಣ್ಣ ಕಾರಿಗೆ ಗಂಟೆಗೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗವನ್ನು 0.7 ಲೀಟರಿನಿಂದ ಭಾಗಿಸಿ ನೋಡಿ, ಅವನ 57 ಬಂದದ್ದು ಅಲ್ಲಿಂದ. ಗೇರಿನಲ್ಲಿದ್ದಾಗಲೋ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಪೆಟ್ರೋಲ್ ಕೊಡುವ ಅಗತ್ಯವೇ ಇಲ್ಲ ಎಂದು ಕಂಪ್ಯೂಟರ್ ಇಂಜೆಕ್ಟರ್ ಮುಚ್ಚಿಬಿಡುತ್ತದೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಾದ್ದರಿಂದ ಪರದೆ ತನ್ನ ಕೊನೆಯ ಅಂಕಿ ತೋರಿಸುತ್ತದೆ. ಆ ಕಾರಿನಲ್ಲಿ ಅದು 99.9. ನಿಮ್ಮ ಕಾರಿನಲ್ಲಿ 30ಕ್ಕೋ 50ಕ್ಕೋ ನಿಲ್ಲಬಹುದು.

ಮಾವನ ಅಂಬಾಸಿಡರಿನಲ್ಲಿ ಪೆಟ್ರೋಲ್ ಕೊಡುತ್ತಿದ್ದದ್ದು ಇಂಜೆಕ್ಟರ್ ಅಲ್ಲ, ಹಳೆಯ ಕಾಲದ ಕಾರ್ಬ್ಯುರೇಟರ್. ಅದಕ್ಕೆ ಹೀಗೆ ಲೆಕ್ಕ ಹಾಕಿ ಮುಚ್ಚುವ ಬುದ್ಧಿ ಇರಲಿಲ್ಲ. ಆ ಕಾರು ಹೋಯಿತು, ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ! ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ, ಪೆಟ್ರೋಲೂ ಹೋಗುತ್ತದೆ. ಗುಂಡ್ಯ ಮುಟ್ಟುವ ತನಕ ಆ ಹುಡುಗ ಮೂರನೇ ಗೇರ್ ಬಿಡಲಿಲ್ಲ. ತಿರುವು ಬಂದಾಗಲೆಲ್ಲ "ಈಗೆಷ್ಟು ಸಾರ್?" ಎಂದು ಕೇಳುತ್ತಲೇ ಇದ್ದ.

ಇದು ಘಾಟಿಗೆ ಮಾತ್ರ ಅನ್ನಬೇಡಿ. ನಮ್ಮ ಊರೂರಿಗೂ ಹಂಪ್ ಇದೆ. 70ರಲ್ಲಿ ಬರುತ್ತೀರಿ, ದೂರದಲ್ಲಿ ಹಂಪ್‌ನ ಬೋರ್ಡ್ ಕಾಣುತ್ತದೆ. ಆದರೂ ಹತ್ತಿರ ಹೋಗುವ ತನಕ ಒತ್ತುತ್ತೀರಿ, ಆಮೇಲೆ ಗಕ್ಕನೆ ಬ್ರೇಕ್. ಒಂದು ಟನ್ ತೂಕದ ಕಾರನ್ನು ಆ ವೇಗಕ್ಕೆ ತರಲು ಸುಮಾರು 25 ಮಿಲಿಲೀಟರ್ ಪೆಟ್ರೋಲ್ ಸುಟ್ಟಿರುತ್ತೀರಿ. ಬ್ರೇಕ್ ಅದನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಪರದೆ ಇದನ್ನು ತೋರಿಸುವುದಿಲ್ಲ ನೋಡಿ! ಅದು ದುಡ್ಡು ಖರ್ಚಾಗುವ ಹೊತ್ತು ತೋರಿಸುತ್ತದೆ, ಕೊಂಡದ್ದನ್ನು ಚೆಲ್ಲುವ ಹೊತ್ತು ತೋರಿಸುವುದಿಲ್ಲ.

ಅದರ ಬದಲು ಹಂಪ್‌ಗೆ ಸುಮಾರು 250 ಮೀಟರ್ ಇರುವಾಗಲೇ ಕಾಲು ತೆಗೆಯಿರಿ, ಗೇರ್ ತೆಗೆಯಬೇಡಿ. ಸಮತಟ್ಟು ರಸ್ತೆಯಲ್ಲಿ ಕಾರು ತಾನಾಗಿ 35, 40ಕ್ಕೆ ಇಳಿದಿರುತ್ತದೆ, ಉಳಿದದ್ದಕ್ಕೆ ಬ್ರೇಕ್ ಮುಟ್ಟಿದರೆ ಸಾಕು. ಆ 250 ಮೀಟರ್ ಪೆಟ್ರೋಲಿಲ್ಲದೆ ಓಡಿದಿರಿ. ಲೀಟರಿಗೆ 18 ಕೊಡುವ ಕಾರಾದರೆ 14 ಮಿಲಿಲೀಟರ್ ಉಳಿಯಿತು. ಹಂಪ್‌ಗಳನ್ನು ನೀವೇ ಎಣಿಸಿಕೊಳ್ಳಿ.

ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಬ್ರೇಕ್ ಜೊತೆಗೇ ಕ್ಲಚ್ಚನ್ನೂ ಒತ್ತುತ್ತಾರೆ. ಕ್ಲಚ್ ಒತ್ತಿದರೆ ನ್ಯೂಟ್ರಲ್ ಹಾಕಿದ ಹಾಗೇ. ಮೇಲೆ ನಿಂತಿದ್ದ ಅಂಕಿ ತಟಕ್ಕನೆ ಬೀಳುತ್ತದೆ, ಪಕ್ಕದಲ್ಲಿ ಕೂತವರಿಗೆ ನೋಡಲು ಹೇಳಿ. ಕಾರು ನಿಧಾನವಾಗಿ ಎಂಜಿನ್ ನಿಮಿಷಕ್ಕೆ ಸಾವಿರದ ಚಿಲ್ಲರೆ ಸುತ್ತಿಗೆ ಇಳಿದಾಗ ಪೆಟ್ರೋಲ್ ತಾನಾಗಿ ಮತ್ತೆ ಶುರುವಾಗುತ್ತದೆ. ಕ್ಲಚ್ ಒತ್ತುವುದು ಆಮೇಲೆ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊರಡುವಾಗ ಅಂಕಿ 5ಕ್ಕೋ 6ಕ್ಕೋ ಬೀಳುತ್ತದೆ, ಹೆದರಬೇಡಿ. ಹೆದರಿ ತೆವಳಿದರೆ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಇರುತ್ತೀರಿ. ಹದವಾಗಿ ಒತ್ತಿ, 2000 ಸುತ್ತು ದಾಟುವಷ್ಟರಲ್ಲಿ ಮೇಲಿನ ಗೇರಿಗೆ ಹೋಗಿ. ಸಣ್ಣ ಪೆಟ್ರೋಲ್ ಕಾರಿನಲ್ಲಿ 50ರ ವೇಗಕ್ಕೆ ಮೂರನೇ ಗೇರ್ ಹಾಕಿ ನೋಡಿ, ನಾಲ್ಕನೆಯದು ಹಾಕಿ ನೋಡಿ. ಅಂಕಿಯೇ ಉತ್ತರ ಹೇಳುತ್ತದೆ. ಎಂಜಿನ್ ನಡುಗಿದರೆ ಮಾತ್ರ ಗೇರ್ ಇಳಿಸಿ.

ಹೆದ್ದಾರಿಯಲ್ಲಿ 80 ಬಿಟ್ಟು 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಪರೀಕ್ಷಿಸುವುದಾದರೆ ಒಂದೇ ರಸ್ತೆಯಲ್ಲಿ ಹೋಗುತ್ತಲೂ ಬರುತ್ತಲೂ ನೋಡಿ. ಕಣ್ಣಿಗೆ ಕಾಣದ ಇಳಿಜಾರು, ಬೆನ್ನಿಗೆ ಬೀಸುವ ಗಾಳಿ ಎರಡೂ ಅಂಕಿಯನ್ನು ಏರಿಸಿಬಿಡುತ್ತವೆ.

ಇನ್ನು ನಿಜವಾಗಿ ಎಷ್ಟು ಉಳಿಯಿತು ಎಂದು ತಿಳಿಯಲು ಪರದೆಯನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೊದಲ ಟ್ಯಾಂಕ್ ನಿಮ್ಮ ಹಳೆಯ ರೀತಿಯಲ್ಲೇ ಓಡಿಸಿ. ಎರಡನೆಯದರಲ್ಲಿ ಕಾಲು ಬೇಗ ತೆಗೆಯಿರಿ, ಗೇರ್ ತೆಗೆಯಬೇಡಿ. ನಮಸ್ಕಾರ.