ಗೋಡೆ ಕೊಡುವ ನಾಲ್ಕು ಮೀಟರ್

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ಈಜು ಕಲಿಯುವ ಮಕ್ಕಳ ಅಪ್ಪ ಅಮ್ಮ ಪದೇ ಪದೇ ಕೇಳುವ ಒಂದು ಪ್ರಶ್ನೆ ಇದೆ. "ನಮ್ಮ 25 ಮೀಟರ್ ಕೊಳದಲ್ಲಿ ಇಷ್ಟು ಚೆನ್ನಾಗಿ ಈಜ್ತಾನೆ, 50 ಮೀಟರ್ ಕೊಳಕ್ಕೆ ಹೋದರೆ ಟೈಮಿಂಗ್ ಯಾಕೆ ಬಿದ್ದುಹೋಗುತ್ತೆ?" ಹುಡುಗನ ದಮ್ಮು ಕಡಿಮೆಯಾಯ್ತು ಅಂತ ಅವರು ಹೆದರುತ್ತಾರೆ. ಬಹಳಷ್ಟು ಸಲ ಕಾರಣ ಅದಲ್ಲ. ಅವನಿಗೆ ಸಿಗುತ್ತಿದ್ದ ಗೋಡೆಗಳು ಅರ್ಧ ಆಗಿವೆ, ಅಷ್ಟೆ.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಈಜುಗಾರ ನೀರಿನ ಮೇಲೆ ಫ್ರೀಸ್ಟೈಲ್‌ನಲ್ಲಿ ಸೆಕೆಂಡಿಗೆ 1 ಮೀಟರ್ ಹೋಗುತ್ತಾನೆ ಅಂತ ಇಟ್ಟುಕೊಳ್ಳಿ. ಗೋಡೆಯನ್ನು ಎರಡೂ ಕಾಲಿಂದ ಚೆನ್ನಾಗಿ ಒದ್ದರೆ, ಪಾದ ಗೋಡೆ ಬಿಡುವ ಹೊತ್ತಿಗೆ ಅವನ ವೇಗ 2.2 ಮೀಟರ್ ಇರುತ್ತದೆ ಅನ್ನೋಣ. ಅಂದರೆ ಕೈ ಬೀಸಿ ಎಂದೂ ಮುಟ್ಟಲಾಗದ ವೇಗ. ಆದರೆ ಇದು ನಿಲ್ಲುವುದಿಲ್ಲ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ, ಹಾಗಾಗಿ ಶುರುವಿನಲ್ಲೇ ಜಾಸ್ತಿ ಕಳೆದುಕೊಳ್ಳುತ್ತೇವೆ. ಮೈ ಬಾಣದ ಹಾಗೆ ನೀಟಾಗಿದ್ದರೆ ಪ್ರತಿ ಮೀಟರ್‌ಗೆ ಇದ್ದ ವೇಗದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೋಗುತ್ತದೆ ಅಂತ ಹಿಡಿಯೋಣ. 2 ಮೀಟರ್ ಜಾರಿದ ಮೇಲೆ ವೇಗ ಸುಮಾರು 1.5. 4 ಮೀಟರ್ ಆದಾಗ ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತದೆ.

ಆ 4 ಮೀಟರ್ ಜಾರಲು 2.8 ಸೆಕೆಂಡ್ ಸಾಕು. ಅಷ್ಟೇ ದೂರ ಈಜಿದ್ದರೆ 4 ಸೆಕೆಂಡ್ ಬೇಕಿತ್ತು. ಒಂದು ಗೋಡೆಗೆ 1.2 ಸೆಕೆಂಡ್ ಲಾಭ, ಅದೂ ತೋಳಿಗೆ ಕೆಲಸವೇ ಇಲ್ಲದೆ. 1500 ಮೀಟರ್ ಈಜಿದರೆ 25 ಮೀಟರ್ ಕೊಳದಲ್ಲಿ 60 ಸಲ ಗೋಡೆ ಒದೆಯುತ್ತೇವೆ, 50 ಮೀಟರ್ ಕೊಳದಲ್ಲಿ 30 ಸಲ. ವ್ಯತ್ಯಾಸ 36 ಸೆಕೆಂಡ್. ಟರ್ನ್ ಮಾಡಲು ಹಿಡಿಯುವ ಸಮಯವೂ, ಒದ್ದಾಗ ಮೈಯುದ್ದ ಮುಂದಕ್ಕೆ ಸಿಗುವ ದೂರವೂ ಒಂದಕ್ಕೊಂದು ಸರಿಹೋಗುತ್ತವೆ ಅಂತ ಇಲ್ಲಿ ಬಿಟ್ಟಿದ್ದೇನೆ. ಗೋಡೆ ಹಿಡಿದು ನಿಂತು ಉಸಿರು ಎಳೆದುಕೊಳ್ಳುವವರಿಗೆ ಈ ಲಾಭ ಪೂರ್ತಿ ಅಲ್ಲೇ ಖರ್ಚಾಗುತ್ತದೆ.

ಈಗ ಮುಖ್ಯವಾದ ಮಾತು. ನೀರಿನೊಳಗೆ ಎಲ್ಲಿಯವರೆಗೆ ಇರಬೇಕು? ಮಕ್ಕಳಿಗೆ "ಇನ್ನೂ ದೂರ ಗ್ಲೈಡ್ ಮಾಡು" ಅಂತ ಕೂಗುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅದೇ ಹುಡುಗ ಕಾಲಾಡಿಸದೆ 6 ಮೀಟರ್ ಜಾರಿದ ಅಂತಿಟ್ಟುಕೊಳ್ಳಿ. ನೋಡಲು ಬಹಳ ಚಂದ. ಆದರೆ ಅದಕ್ಕೆ 5.3 ಸೆಕೆಂಡ್ ಬೇಕು. 4 ಮೀಟರ್‌ಗೆ ಮೇಲೆ ಬಂದು ಉಳಿದ 2 ಮೀಟರ್ ಈಜಿದ್ದರೆ 4.8 ಸೆಕೆಂಡ್‌ಗೇ ಮುಗಿಯುತ್ತಿತ್ತು. ದೂರ ಹೋದದ್ದಕ್ಕೇ ಅರ್ಧ ಸೆಕೆಂಡ್ ನಷ್ಟ. ಬೇಗ ಎದ್ದರೂ ನಷ್ಟವೇ, ಯಾಕೆಂದರೆ ಮೇಲ್ಮೈಯಲ್ಲಿ ಮೈ ಅಲೆ ಎಬ್ಬಿಸುತ್ತದೆ, ಆ ಅಲೆಯೇ ಉಳಿದ ವೇಗವನ್ನು ತಿಂದುಹಾಕುತ್ತದೆ. ಅರ್ಧ ಮೀಟರ್ ಆಳದಲ್ಲಿ ಒದ್ದರೆ ಆ ಕಾಟ ಬಹಳ ಕಡಿಮೆ. ಜಾರುವ ವೇಗ ಈಜುವ ವೇಗಕ್ಕೆ ಸಮ ಆಗುವ ಜಾಗವೇ ಏಳಬೇಕಾದ ಜಾಗ.

ಆ ಜಾಗ ಎಲ್ಲರಿಗೂ ಒಂದೇ ಅಲ್ಲ. ತಲೆ ಎತ್ತಿ, ಕೈ ಅಗಲಿಸಿ ಜಾರಿದರೆ ಮೀಟರ್‌ಗೆ ಕಾಲು ಪಾಲಿಗಿಂತ ಜಾಸ್ತಿ ವೇಗ ಹೋಗುತ್ತದೆ. ಆಗ 2.6 ಮೀಟರ್‌ಗೇ ಕಥೆ ಮುಗಿಯಿತು, ಲಾಭ 0.8 ಸೆಕೆಂಡ್ ಮಾತ್ರ.

ನೀರಿನೊಳಗೆ ಎರಡೂ ಕಾಲು ಜೋಡಿಸಿ ಮೀನಿನ ಬಾಲದ ಹಾಗೆ ಬೀಸುವ ಡಾಲ್ಫಿನ್ ಕಿಕ್ ಬಂದರೆ ಲೆಕ್ಕವೇ ಬೇರೆ. ಒಳ್ಳೆಯ ಕಿಕ್ ಇದ್ದವರಲ್ಲಿ ವೇಗ ಅಷ್ಟು ಬೇಗ ಇಳಿಯುವುದಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಮೊದಲ ಲೆಂತ್‌ನಲ್ಲಿ ಸುಮಾರು 35 ಮೀಟರ್ ನೀರಿನೊಳಗೇ ಹೋದರು. ಹೀಟ್ಸ್‌ನಲ್ಲಿ 54.51 ಸೆಕೆಂಡ್, ವಿಶ್ವ ದಾಖಲೆ. ಫೈನಲ್‌ನಲ್ಲಿ ಅದೇ ವಿದ್ಯೆ ಕಲಿತಿದ್ದ ಜಪಾನಿನ ಡೈಚಿ ಸುಜುಕಿ 55.05ರಲ್ಲಿ ಚಿನ್ನ ಗೆದ್ದರು, ಬರ್ಕಾಫ್ 55.18. ಅದಾದ ಮೇಲೆ ನಿಯಮವೇ ಬದಲಾಯಿತು. ಈಗ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರರಲ್ಲೂ 15 ಮೀಟರ್ ಒಳಗೆ ತಲೆ ಮೇಲೆ ಬಂದಿರಬೇಕು. ಆದರೆ ಕಿಕ್ ದುರ್ಬಲವಾದ ಮಗುವಿಗೆ ಆ 15 ಮೀಟರ್ ಗುರಿ ಅಲ್ಲ. ಕಿಕ್‌ನ ವೇಗ ಈಜಿನ ವೇಗಕ್ಕಿಂತ ಕಡಿಮೆ ಆದರೆ ಒಳಗೆ ಉಳಿದ ಪ್ರತಿ ಮೀಟರೂ ನಷ್ಟ, ಉಸಿರಿನ ಸಾಲ ಬೇರೆ.

ನಿಮ್ಮ ಜಾಗ ಹುಡುಕುವುದು ಸುಲಭ, ಸ್ಟಾಪ್‌ವಾಚ್ ಹಿಡಿದ ಒಬ್ಬ ಗೆಳೆಯ ಸಾಕು. ಬ್ಯಾಕ್‌ಸ್ಟ್ರೋಕ್‌ನವರಿಗೆ ಅಂತ ಗೋಡೆಯಿಂದ 5 ಮೀಟರ್‌ಗೆ ಬಾವುಟದ ಸಾಲು ಕಟ್ಟಿರುತ್ತಾರೆ, ಅದೇ ಗುರುತು. ಪಾದ ಗೋಡೆ ಬಿಡುವಾಗಲೇ ತಲೆ 1.8 ಮೀಟರ್ ಹತ್ತಿರ ಮುಂದೆ ಇರುತ್ತದೆ. ಹಾಗಾಗಿ ನಮ್ಮ ಲೆಕ್ಕದ 4 ಮೀಟರ್ ಜಾರಿದವನ ತಲೆ ಬಾವುಟ ದಾಟಿ ಸುಮಾರು 80 ಸೆಂಟಿಮೀಟರ್ ಮುಂದೆ ಇರಬೇಕು. ಒಂದು ಸಲ ಬಾವುಟಕ್ಕಿಂತ ಮೊದಲೇ ಏಳಿ, ಒಂದು ಸಲ ದಾಟಿದ ಕೂಡಲೇ, ಮತ್ತೊಂದು ಸಲ ಇನ್ನೂ 2 ಮೀಟರ್ ಮುಂದೆ. ಪ್ರತಿ ಸಲವೂ ಪಾದ ಗೋಡೆ ಬಿಟ್ಟ ಕ್ಷಣದಿಂದ ತಲೆ ಕೊಳದ ನಡುವಿನ ಗೆರೆ ದಾಟುವವರೆಗಿನ ಸಮಯ ಬರೆದುಕೊಳ್ಳಿ. ಮಧ್ಯೆ ಚೆನ್ನಾಗಿ ಸುಧಾರಿಸಿಕೊಂಡು ಮೂರನ್ನೂ ನಾಲ್ಕೈದು ಸುತ್ತು ಮಾಡಿ. ಒಂದೇ ಸಲದ ಅಳತೆ ನಂಬಬೇಡಿ, ಬೆರಳು ಒತ್ತುವುದರಲ್ಲೇ 0.2 ಸೆಕೆಂಡ್ ಹೆಚ್ಚುಕಡಿಮೆ ಆಗುತ್ತದೆ.